ಕಾಲುಗುರಿನ ಕಪ್ಪು ಗೆರೆಗೆ ವಾಯಿದೆ ಹಾಕಿ

ಕಾಲಿನ ಹೆಬ್ಬೆರಳ ಉಗುರಿನಲ್ಲಿ ಕಪ್ಪು ಗೆರೆ ಕಂಡಾಗ ಮೊದಲು ಹೊರಡುವ ಮಾತು ‘ಎಲ್ಲೋ ಎಡವಿರಬೇಕು’ ಎಂಬುದು. ಎಡವದ ಕಾಲು ಯಾರಿಗೂ ಇಲ್ಲ. ಆದ್ದರಿಂದ ಆ ಮಾತನ್ನು ಅಲ್ಲಗಳೆಯುವವರೂ ಇಲ್ಲ. ಕೆಲವು ತಿಂಗಳು ಕಳೆದರೂ ಗೆರೆ ಹೋಗದಿದ್ದಾಗ ‘ಫಂಗಸ್ ಇರಬೇಕು’ ಎಂಬ ಎರಡನೆಯ ಮಾತು ಬರುತ್ತದೆ. ಬಹುತೇಕ ಸಲ ಈ ಎರಡರಲ್ಲಿ ಒಂದು ನಿಜವೇ ಆಗಿರುತ್ತದೆ, ಇಲ್ಲವೇ ಗೆರೆ ಕಂದು ಮೈಬಣ್ಣದವರಲ್ಲಿ ಸಹಜವಾಗಿ ಬರುವ ಬಣ್ಣವಾಗಿರುತ್ತದೆ. ಆದರೆ ಅಪರೂಪಕ್ಕೆ ಅಲ್ಲಿರುವುದು ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್. ಅಂಗೈ, ಅಂಗಾಲು ಮತ್ತು ಉಗುರಿನಡಿಯಲ್ಲಿ ಹುಟ್ಟುವ ಈ ಬಗೆಗೆ ಆಕ್ರಲ್ ಮೆಲನೋಮಾ ಎಂದು ಹೆಸರು.

ಚರ್ಮರೋಗದ ಹೊರರೋಗಿ ವಿಭಾಗದಲ್ಲಿ ವರ್ಷಗಟ್ಟಲೆ ಕುಳಿತವನಾಗಿ ಒಂದು ಮಾತು ಹೇಳುತ್ತೇನೆ. ಗೆರೆ ಕಣ್ಣಿಗೆ ಬೀಳದೆ ತಡವಾದ ರೋಗಿಗಳಿಗಿಂತ, ಕಣ್ಣಿಗೆ ಬಿದ್ದ ಗೆರೆಗೆ ನಿರಪಾಯದ ಕಾರಣವೊಂದನ್ನು ಒಪ್ಪಿಕೊಂಡು ಸುಮ್ಮನಾದವರೇ ನನ್ನ ಮುಂದೆ ಹೆಚ್ಚಾಗಿ ಕುಳಿತಿದ್ದಾರೆ. ಒಪ್ಪಿಕೊಂಡದ್ದು ತಪ್ಪಲ್ಲ. ಆ ಕಾರಣ ಇಷ್ಟು ದಿನದೊಳಗೆ ರುಜುವಾತಾಗಬೇಕು ಎಂದು ವಾಯಿದೆ ಹಾಕದೇ ಹೋದದ್ದು ತಪ್ಪು. ಉಗುರಿನ ವಿಷಯದಲ್ಲಿ ಈ ವಾಯಿದೆಯನ್ನು ಅಂದಾಜಿನಿಂದ ಹಾಕಬೇಕಾಗಿಲ್ಲ. ಉಗುರು ಬೆಳೆಯುವ ವೇಗವೇ ಅದನ್ನು ಕೊಡುತ್ತದೆ. ಅದನ್ನು ಓದುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಜೊತೆಗೆ ಒಂದು ಉದಾಹರಣೆಯನ್ನೂ ಇಟ್ಟುಕೊಳ್ಳೋಣ. ಹಲವು ರೋಗಿಗಳ ಕಥೆಗಳನ್ನು ಬೆರೆಸಿ ಒಬ್ಬರನ್ನು ಮಾಡಿಕೊಂಡಿದ್ದೇನೆ: 52 ವರ್ಷದ ಮಹಿಳೆ, ಕಂದು ಮೈಬಣ್ಣ, ಬಲಗಾಲಿನ ಹೆಬ್ಬೆರಳ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಒಂದು ಕಪ್ಪು ಗೆರೆ. 14 ತಿಂಗಳ ಹಿಂದೆ ಬಾಗಿಲಿಗೆ ಕಾಲು ತಗುಲಿ ನೋವಾಗಿತ್ತು. ಗೆರೆಯನ್ನು ಅವರು ಮೊದಲು ಗಮನಿಸಿದ್ದು ಆಗಲೇ. ಐದು ತಿಂಗಳು ಕಾದರು. ಆಮೇಲೆ ಒಬ್ಬ ವೈದ್ಯರು ಫಂಗಸ್ ಎಂದು ಮೂರು ತಿಂಗಳ ಮಾತ್ರೆ ಕೊಟ್ಟರು. ಮಾತ್ರೆ ಮುಗಿದರೂ ಗೆರೆ ಹಾಗೇ ಇತ್ತು. ‘ಕಾಲುಗುರು ಪೂರ್ತಿ ಹೊಸದಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕು, ಕಾಯಿರಿ’ ಎಂದರು. ಹೇಳಿದ್ದು ಸುಳ್ಳಲ್ಲ, ಆದರೆ ಆ ನಿಜವೇ ಅವರ ಇನ್ನಾರು ತಿಂಗಳನ್ನು ತಿಂದುಹಾಕಿತು.

ಮೊದಲ ಹೆಜ್ಜೆ: ಹತ್ತೂ ಬೆರಳುಗಳನ್ನು ನೋಡಿ, ಆಮೇಲೆ ಕೈಯನ್ನೂ

ಕಪ್ಪು ಅಥವಾ ಕಂದು ಮೈಬಣ್ಣದವರ ಉಗುರುಗಳಲ್ಲಿ ಉದ್ದಕ್ಕೆ ಸಾಗುವ ಕಂದು ಗೆರೆಗಳು ಬರುವುದು ತೀರಾ ಸಾಮಾನ್ಯ. ವಯಸ್ಸಾದಂತೆ ಅವು ಹೆಚ್ಚುತ್ತವೆ. ಉಗುರಿನ ಬೇರಿನಲ್ಲಿರುವ ಬಣ್ಣದ ಕೋಶಗಳು ಸ್ವಲ್ಪ ಚುರುಕಾದರೆ ಸಾಕು, ಬೆಳೆಯುವ ಉಗುರಿನೊಳಗೆ ಬಣ್ಣ ಸೇರಿ ಗೆರೆಯಾಗಿ ಹೊರಬರುತ್ತದೆ. ಸಹಜವಾದ ಇಂಥ ಗೆರೆಗಳು ಹೆಚ್ಚಾಗಿ ಒಂದಕ್ಕಿಂತ ಹೆಚ್ಚು ಉಗುರುಗಳಲ್ಲಿರುತ್ತವೆ, ಬಣ್ಣ ತಿಳಿಯಾಗಿ ಒಂದೇ ಸಮನಾಗಿರುತ್ತದೆ, ಅಂಚು ಗೀಟು ಎಳೆದಂತಿರುತ್ತದೆ, ವರ್ಷಗಟ್ಟಲೆ ಅಗಲ ಬದಲಾಗುವುದಿಲ್ಲ. ಗರ್ಭಾವಸ್ಥೆ, ಬಿ12 ಜೀವಸತ್ವದ ಕೊರತೆ, ಹೈಡ್ರಾಕ್ಸಿಯೂರಿಯಾ ಮತ್ತು ಜಿಡೋವುಡಿನ್‌ನಂಥ ಔಷಧಗಳು ಕೂಡ ಹಲವು ಉಗುರುಗಳಿಗೆ ಒಟ್ಟಿಗೇ ಬಣ್ಣ ತರಬಲ್ಲವು.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಗೆರೆ ಒಂದೇ ಉಗುರಿನಲ್ಲಿದೆಯೇ? ಇತರ ಉಗುರುಗಳಲ್ಲೂ ಗೆರೆಗಳಿದ್ದರೆ, ಈ ಒಂದು ಗೆರೆ ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಪ್ಪಾಗಿ, ಹೆಚ್ಚು ಅಗಲವಾಗಿದೆಯೇ? ಮೆಲನೋಮಾ ಸಾಮಾನ್ಯವಾಗಿ ಒಂದೇ ಉಗುರಿಗೆ ಬರುತ್ತದೆ. ಕೈಯ ಹೆಬ್ಬೆರಳು ಮತ್ತು ಕಾಲಿನ ಹೆಬ್ಬೆರಳು ಅದಕ್ಕೆ ಪ್ರಿಯವಾದ ಜಾಗಗಳು. ಕಂದು ಮೈಬಣ್ಣದವರಲ್ಲಿ ಇದು ತಪ್ಪಿಹೋಗಲು ಒಂದು ಕಾರಣ ಇಲ್ಲೇ ಇದೆ. ಎಂಟು ಉಗುರುಗಳಲ್ಲಿ ತೆಳು ಗೆರೆಗಳಿರುವವರಿಗೆ ಒಂಬತ್ತನೆಯದು ದಪ್ಪಗೆ ಬಂದರೆ ‘ನಿಮಗೆ ಇದು ಇದ್ದದ್ದೇ’ ಎಂದುಬಿಡುವುದು ಸುಲಭ. ಬಿಳಿ ಮೈಬಣ್ಣದವರಲ್ಲಿ ಒಂದು ಗೆರೆ ಕಂಡರೂ ವೈದ್ಯರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಮಕ್ಕಳಲ್ಲಿ ಮಾತ್ರ ಲೆಕ್ಕ ಬೇರೆ: ಅವರಲ್ಲಿ ಒಂಟಿ ಗೆರೆಯೂ ಬಹುಮಟ್ಟಿಗೆ ಉಗುರಿನ ಬೇರಿನಲ್ಲಿರುವ ಸಾಧಾರಣ ಮಚ್ಚೆಯೇ. ತಜ್ಞರು ಸಾಮಾನ್ಯವಾಗಿ ಅದರ ಮೇಲೆ ಕಣ್ಣಿಟ್ಟು ಕಾಯುತ್ತಾರೆ.

ನಮ್ಮ ಉದಾಹರಣೆಯ ಮಹಿಳೆಯ ಉಳಿದ ಹತ್ತೊಂಬತ್ತು ಉಗುರುಗಳೂ ಶುಭ್ರವಾಗಿದ್ದವು.

ಎರಡನೆಯ ಹೆಜ್ಜೆ: ರಕ್ತವೋ ಬಣ್ಣವೋ ಎಂದು ಅಳೆದು ತಿಳಿಯಿರಿ

ಉಗುರು ಹುಟ್ಟುವುದು ಬುಡದ ಚರ್ಮದ ಕೆಳಗಿರುವ ಬೇರಿನಲ್ಲಿ. ಬುಡದಲ್ಲಿ ಕಾಣುವ ಬಿಳಿಯ ಅರ್ಧಚಂದ್ರ ಆ ಬೇರಿನ ಮುಂಭಾಗ. ಅಲ್ಲಿಂದ ಉಗುರು ತುದಿಯ ಕಡೆಗೆ ಸರಿಯುತ್ತ ಹೋಗುತ್ತದೆ. ಕಾಲಿನ ಹೆಬ್ಬೆರಳ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಸರಿಯುತ್ತದೆ, ಕೈಬೆರಳಿನದು ಅದರ ಎರಡರಷ್ಟು. ವಯಸ್ಸಾದವರಲ್ಲಿ, ಕಾಲಿಗೆ ರಕ್ತಸಂಚಾರ ಕಡಿಮೆ ಇರುವವರಲ್ಲಿ ಇನ್ನೂ ನಿಧಾನ.

ಏಟು ಬಿದ್ದು ಹೆಪ್ಪುಗಟ್ಟಿದ ರಕ್ತ ಈ ಸಾಗಣೆಯ ಜೊತೆ ಹೊರಗೆ ಹೋಗಲೇಬೇಕು. ಏಟು ಒಂದು ದಿನದ್ದು. ಆಮೇಲೆ ಹುಟ್ಟುವ ಉಗುರು ಶುಭ್ರ. ಆದ್ದರಿಂದ ಕೆಲವು ವಾರಗಳಲ್ಲಿ ಕಲೆಯ ಹಿಂದೆ, ಬುಡದ ಕಡೆ, ಶುಭ್ರವಾದ ಉಗುರಿನ ಪಟ್ಟಿ ಕಾಣತೊಡಗುತ್ತದೆ. ಬಣ್ಣದ ಕೋಶಗಳಿಂದ ಬಂದ ಗೆರೆಗೆ ಹಾಗಾಗುವುದಿಲ್ಲ. ಬೇರಿನಲ್ಲಿ ಬಣ್ಣ ದಿನವೂ ಸೇರುತ್ತಲೇ ಇರುವುದರಿಂದ ಬುಡದಿಂದ ತುದಿಯವರೆಗೆ ಗೆರೆ ಎಲ್ಲಿಯೂ ಕಡಿಯುವುದಿಲ್ಲ.

ಅಳೆಯುವುದು ಹೀಗೆ. ಉಗುರುಬಣ್ಣ ಹಚ್ಚಿದ್ದರೆ ಪೂರ್ತಿ ತೆಗೆಯಿರಿ. ಕಾಲು ತೊಳೆದು ಒರೆಸಿ. ಹಗಲಿನ ಬೆಳಕಿನಲ್ಲಿ, ಬೆರಳಿನ ಪಕ್ಕದಲ್ಲೇ ಮಿಲಿಮೀಟರ್ ಗುರುತಿರುವ ಸ್ಕೇಲು ಇಟ್ಟು, ಮೊಬೈಲನ್ನು ಉಗುರಿಗೆ ನೇರವಾಗಿ ಮೇಲೆ ಹಿಡಿದು ಚಿತ್ರ ತೆಗೆಯಿರಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಅಳತೆ ಸುಳ್ಳಾಗುತ್ತದೆ. ಬುಡದ ಚರ್ಮದ ಅಂಚಿನಿಂದ ಕಲೆಯ ಹಿಂದಂಚಿಗೆ ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳಿ. ನಾಲ್ಕು ವಾರ ಬಿಟ್ಟು ಮತ್ತೆ ತೆಗೆಯಿರಿ, ಎಂಟು ವಾರಕ್ಕೆ ಇನ್ನೊಮ್ಮೆ. ರಕ್ತವಾದರೆ ಎಂಟು ವಾರದಲ್ಲಿ ಸುಮಾರು ಮೂರು ಮಿಲಿಮೀಟರ್ ಮುಂದೆ ಸರಿದಿರಬೇಕು. ಸರಿಯದಿದ್ದರೆ ‘ಎಡವಿರಬೇಕು’ ಎಂಬ ಕಾರಣದ ವಾಯಿದೆ ಮುಗಿಯಿತು, ವೈದ್ಯರ ಬಳಿ ಹೊರಡಿ.

ಈ ಕಾಯುವಿಕೆ ಎಲ್ಲ ಕಲೆಗೂ ಅಲ್ಲ. ಏಟು ಬಿದ್ದ ನೆನಪು ಸ್ಪಷ್ಟವಾಗಿದ್ದು, ಕಲೆ ಕೆಂಗಪ್ಪಾಗಿ ಅಥವಾ ನೇರಳೆಯಾಗಿ ಗುಂಡಗಿದ್ದರೆ ಮಾತ್ರ ಕಾಯಿರಿ. ಬುಡದಿಂದ ತುದಿಗೆ ನೇರ ಗೆರೆಯಾಗಿದ್ದರೆ ಎಂಟು ವಾರ ಕಾಯುವ ಅಗತ್ಯವೇ ಇಲ್ಲ. ಮುಂದಿನ ಹೆಜ್ಜೆಗಳಲ್ಲಿ ಹೇಳುವುದನ್ನು ನೋಡಿ ನೇರವಾಗಿ ತೋರಿಸಿ.

ಈ ಅಳತೆಗೂ ಎರಡು ಮಿತಿಗಳಿವೆ. ಬಿಗಿಯಾದ ಬೂಟು ತೊಟ್ಟು ಓಡುವವರಲ್ಲಿ ಉಗುರಿಗೆ ಪದೇಪದೇ ಏಟು ಬಿದ್ದು ಹೊಸ ರಕ್ತ ಸೇರುತ್ತಲೇ ಇರಬಹುದು. ಕಲೆ ಸರಿಯಲಿಲ್ಲವೆಂದ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ. ಎರಡನೆಯದು ಹೆಚ್ಚು ಅಪಾಯದ್ದು: ಉಗುರಿನಡಿಯ ಗೆಡ್ಡೆಯೂ ರಕ್ತ ಸುರಿಸುತ್ತದೆ. ರಕ್ತ ಕಂಡಿತೆಂದು ಮೆಲನೋಮಾ ಇಲ್ಲವೆಂದು ತೀರ್ಮಾನಿಸುವಂತಿಲ್ಲ.

ಏಟಿನ ನೆನಪು ಎಷ್ಟು ಮೋಸ ಮಾಡಬಲ್ಲದು ಎನ್ನುವುದಕ್ಕೆ ಬಾಬ್ ಮಾರ್ಲಿಯ ಉದಾಹರಣೆ ಇದೆ. ಅವನ ಬಲಗಾಲಿನ ಹೆಬ್ಬೆರಳ ಉಗುರಿನಡಿಯ ಗಾಯವನ್ನು ಫುಟ್‌ಬಾಲ್ ಆಟದಲ್ಲಿ ಆದದ್ದೆಂದು ತಿಳಿಯಲಾಗಿತ್ತು. ಅದು ಮೆಲನೋಮಾ ಎಂದು ಗೊತ್ತಾದದ್ದು 1977ರಲ್ಲಿ. 1981ರ ಮೇ 11ರಂದು, 36ನೆಯ ವಯಸ್ಸಿನಲ್ಲಿ, ಆ ಕ್ಯಾನ್ಸರ್ ದೇಹವಿಡೀ ಹರಡಿ ಅವನು ತೀರಿಕೊಂಡ. ಏಟು ಎಷ್ಟೋ ಸಲ ರೋಗದ ಮೂಲವಾಗಿರುವುದಿಲ್ಲ. ಅಲ್ಲಿಯವರೆಗೆ ಯಾರೂ ನೋಡದ ಉಗುರನ್ನು ನೋಡುವಂತೆ ಮಾಡಿರುತ್ತದೆ, ಅಷ್ಟೇ.

ಮೂರನೆಯ ಹೆಜ್ಜೆ: ಗೆರೆಯ ಬುಡ ಮತ್ತು ತುದಿಯ ಅಗಲವನ್ನು ಹೋಲಿಸಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ, ಏಕೆಂದರೆ ಇದಕ್ಕೆ ಕಾಯಬೇಕಾಗಿಲ್ಲ. ಕಳೆದ ಒಂದು ವರ್ಷದ ದಾಖಲೆ ಉಗುರಿನ ಮೇಲೆ ಆಗಲೇ ಬರೆದಿರುತ್ತದೆ. ಉಗುರಿನ ತುದಿಯಲ್ಲಿರುವ ಬಣ್ಣ ಹತ್ತು–ಹನ್ನೆರಡು ತಿಂಗಳ ಹಿಂದೆ ಬೇರಿನಲ್ಲಿ ಸೇರಿದ್ದು, ಬುಡದಲ್ಲಿರುವುದು ಇತ್ತೀಚಿನದು. ಬೇರಿನಲ್ಲಿರುವ ಬಣ್ಣದ ಕೋಶಗಳ ಗುಂಪು ಅಷ್ಟೇ ಇದ್ದರೆ ಗೆರೆ ಎರಡೂ ಕಡೆ ಒಂದೇ ಅಗಲ. ಗುಂಪು ಬೆಳೆಯುತ್ತಿದ್ದರೆ ಬುಡ ಅಗಲವಾಗಿ, ತುದಿ ಕಿರಿದಾಗಿ, ಗೆರೆ ಉದ್ದನೆಯ ತ್ರಿಕೋನದಂತೆ ಕಾಣುತ್ತದೆ.

ನಮ್ಮ ಮಹಿಳೆಯ ಉಗುರಿನ ಕಾಣುವ ಉದ್ದ 16 ಮಿಲಿಮೀಟರ್. ಗೆರೆಯ ಅಗಲ ತುದಿಯಲ್ಲಿ 2, ನಡುವೆ 3, ಬುಡದಲ್ಲಿ ನಾಲ್ಕೂವರೆ ಮಿಲಿಮೀಟರ್. ತಿಂಗಳಿಗೆ ಒಂದೂವರೆಯಂತೆ 16 ಮಿಲಿಮೀಟರ್ ಸರಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಅಂದರೆ ಅಷ್ಟು ಸಮಯದಲ್ಲಿ ಬಣ್ಣದ ಮೂಲ ಎರಡರಷ್ಟಕ್ಕೂ ಹೆಚ್ಚು ಅಗಲವಾಗಿದೆ. ಇನ್ನು ಬಾಗಿಲಿನ ಏಟು 14 ತಿಂಗಳ ಹಿಂದಿನದು. ಅಂದು ಸೇರಿದ ರಕ್ತ ಈ ಹೊತ್ತಿಗೆ ತುದಿ ತಲುಪಿ, ಕತ್ತರಿಸಿ ಎಸೆದ ಚೂರುಗಳಲ್ಲಿ ಹೋಗಿರಬೇಕು. ಏಟಿನ ಕಥೆ ಅಲ್ಲಿಗೆ ಬಿದ್ದುಹೋಯಿತು.

ಫಂಗಸ್‌ನ ಕಥೆ? ಫಂಗಸ್ ಸಾಮಾನ್ಯವಾಗಿ ಉಗುರಿನ ತುದಿಯಿಂದ ಅಥವಾ ಪಕ್ಕದಿಂದ ಒಳಕ್ಕೆ ನುಗ್ಗುತ್ತದೆ. ಹಾಗಾಗಿ ಅದರ ಕಪ್ಪು ತುದಿಯಲ್ಲಿ ಅಗಲವಾಗಿದ್ದು ಬುಡದ ಕಡೆ ಕಿರಿದಾಗುತ್ತದೆ. ಮೆಲನೋಮಾದ ತ್ರಿಕೋನಕ್ಕೆ ತಲೆಕೆಳಗು. ಉಗುರು ದಪ್ಪಗಾಗಿ, ಹಳದಿಯಾಗಿ, ಪುಡಿಪುಡಿಯಾಗಿ ಉದುರುವುದೂ ಉಂಟು. ಅನುಮಾನವಿದ್ದರೆ ಉಗುರಿನ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿ ಫಂಗಸ್ ಇದೆಯೆಂದು ಖಚಿತಪಡಿಸಿಕೊಂಡೇ ಮಾತ್ರೆ ಆರಂಭಿಸಬೇಕು. ನನ್ನ ಮಟ್ಟಿಗೆ ಇದು ಸಣ್ಣ ಸಲಹೆಯಲ್ಲ. ಪರೀಕ್ಷೆ ಮಾಡದೆ ಕೊಟ್ಟ ಫಂಗಸ್ ಮಾತ್ರೆಯ ದೊಡ್ಡ ಹಾನಿಯೆಂದರೆ ಅದರೊಂದಿಗೆ ಪುಕ್ಕಟೆಯಾಗಿ ಬರುವ ಒಂದು ವರ್ಷದ ಕಾಯುವಿಕೆ. ಮೂರು ತಿಂಗಳು ಮಾತ್ರೆ, ಆಮೇಲೆ ಉಗುರು ಹೊಸದಾಗುವವರೆಗೆ ತಾಳ್ಮೆ. ಫಂಗಸ್ ನಿಜವಾಗಿಯೂ ವಾಸಿಯಾಗುತ್ತಿದ್ದರೆ ಮೂರು–ನಾಲ್ಕು ತಿಂಗಳಲ್ಲಿ ಬುಡದಲ್ಲಿ ಶುಭ್ರ ಉಗುರು ಹುಟ್ಟಿರಬೇಕು. ತುದಿ ಕೊಳಕಾಗಿಯೇ ಇರಲಿ, ಬುಡವನ್ನು ನೋಡಿ. ಬುಡದಲ್ಲೂ ಕಪ್ಪಿದ್ದರೆ ಎರಡನೆಯ ಕಾರಣದ ವಾಯಿದೆಯೂ ಮುಗಿಯಿತು.

ಇದಲ್ಲದೆ ಗೆರೆಯ ಅಗಲ ಮೂರು ಮಿಲಿಮೀಟರ್ ಅಥವಾ ಹೆಚ್ಚಿದ್ದರೆ, ಒಂದೇ ಗೆರೆಯಲ್ಲಿ ತಿಳಿಗಂದು, ಕಡುಗಂದು, ಕಪ್ಪು ಬೆರೆತಿದ್ದರೆ, ಅಂಚು ಮಸುಕಾಗಿದ್ದರೆ, ಗೆರೆಯ ಜಾಗದಲ್ಲಿ ಉಗುರು ಸೀಳಿದ್ದರೆ ತಡಮಾಡಬಾರದು. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಹುಟ್ಟಿದ ಒಂಟಿ ಗೆರೆ ಅಗಲ ಕಡಿಮೆಯಿದ್ದರೂ ತೋರಿಸಬೇಕಾದದ್ದೇ.

ನಾಲ್ಕನೆಯ ಹೆಜ್ಜೆ: ಉಗುರಿನ ಸುತ್ತಲ ಚರ್ಮ

ಬಣ್ಣ ಉಗುರನ್ನು ದಾಟಿ ಬುಡದ ಅಥವಾ ಪಕ್ಕದ ಚರ್ಮಕ್ಕೆ, ಇಲ್ಲವೇ ಬೆರಳ ತುದಿಗೆ ಹಬ್ಬಿದ್ದರೆ ಅದನ್ನು ಹಚಿನ್ಸನ್ ಚಿಹ್ನೆ ಎನ್ನುತ್ತಾರೆ. ಜೊನಾಥನ್ ಹಚಿನ್ಸನ್ ಎಂಬ ಆಂಗ್ಲ ಶಸ್ತ್ರವೈದ್ಯ 1886ರಲ್ಲಿ ಈ ರೋಗವನ್ನು ‘ಕಪ್ಪು ಉಗುರುಸುತ್ತು’ ಎಂಬರ್ಥದ ಹೆಸರಿನಲ್ಲಿ ವಿವರಿಸಿದ್ದ. ಉಗುರುಸುತ್ತೆಂದು ಮೋಸಹೋಗುವುದು ಆ ಕಾಲದಿಂದಲೂ ಇದೆಯೆಂದಾಯಿತು.

ಕಂದು ಮೈಬಣ್ಣದಲ್ಲಿ ಈ ಚಿಹ್ನೆಯನ್ನು ಗುರುತಿಸುವುದು ಸ್ವಲ್ಪ ಕಷ್ಟ. ಉಗುರಿನ ಬುಡದ ಚರ್ಮ ನಮ್ಮಲ್ಲಿ ಮೊದಲೇ ಕಪ್ಪಾಗಿರುತ್ತದೆ; ಜೊತೆಗೆ ಬುಡದ ತೆಳುಪೊರೆಯ ಮೂಲಕ ಕೆಳಗಿನ ಗೆರೆ ಕಂಡು ಚರ್ಮವೇ ಕಪ್ಪಾದಂತೆ ಭಾಸವಾಗುತ್ತದೆ. ಉಪಾಯ ಸರಳವಿದೆ: ಇನ್ನೊಂದು ಕಾಲಿನ ಅದೇ ಬೆರಳನ್ನು ಪಕ್ಕಕ್ಕೆ ಇಟ್ಟು ಹೋಲಿಸಿ. ಎರಡೂ ಕಡೆ ಒಂದೇ ಬಣ್ಣವಾದರೆ ಅದು ನಿಮ್ಮ ಮೈಬಣ್ಣ. ಒಂದೇ ಕಡೆ, ಅದೂ ಗೆರೆಗೆ ತಾಗಿದ ಜಾಗದಲ್ಲಿ ಮಾತ್ರ, ಅಂಕುಡೊಂಕಾಗಿ ಕಪ್ಪು ಹರಡಿದ್ದರೆ ಅದೇ ವಾರ ವೈದ್ಯರನ್ನು ಕಾಣಿ. ನಮ್ಮ ಮಹಿಳೆಯ ಬಲಗಾಲ ಹೆಬ್ಬೆರಳ ಬುಡದಲ್ಲಿ ಎರಡು ಮಿಲಿಮೀಟರಿನಷ್ಟು ಮಸಿ ಚೆಲ್ಲಿದಂತಿತ್ತು, ಎಡಗಾಲಿನಲ್ಲಿ ಇರಲಿಲ್ಲ. ಅವರು ಅದನ್ನು ಎರಡು ತಿಂಗಳಿಂದ ಉಜ್ಜಿ ತೊಳೆಯುತ್ತಿದ್ದರಂತೆ.

ಐದನೆಯ ಹೆಜ್ಜೆ: ಅಂಗಾಲನ್ನು ತಿರುಗಿಸಿ ನೋಡಿ

‘ಕಪ್ಪು ಮೈಬಣ್ಣಕ್ಕೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ’ ಎಂಬ ನಂಬಿಕೆ ಅರ್ಧ ಸತ್ಯ. ಬಿಸಿಲಿನಿಂದ ಬರುವ ಮೆಲನೋಮಾವನ್ನು ನಮ್ಮ ಬಣ್ಣ ಬಹಳಮಟ್ಟಿಗೆ ತಡೆಯುತ್ತದೆ. ಆದರೆ ಅಂಗಾಲಿನ ಮೆಲನೋಮಾಕ್ಕೂ ಬಿಸಿಲಿಗೂ ಹೇಳಿಕೊಳ್ಳುವ ನಂಟಿಲ್ಲ. ಬಿಸಿಲು ಬೀಳದ ಜಾಗದಲ್ಲೇ ಅದು ಹುಟ್ಟುತ್ತದೆ. ಬಿಳಿಯರಲ್ಲೂ ಕರಿಯರಲ್ಲೂ ಇದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಬಿಳಿಯರಲ್ಲಿ ಇತರ ಮೆಲನೋಮಾಗಳ ರಾಶಿಯಲ್ಲಿ ಇದು ಸಣ್ಣ ಪಾಲು. ನಮ್ಮಲ್ಲಿ ಆ ಇತರ ಬಗೆಗಳು ಅಪರೂಪವಾದ್ದರಿಂದ, ಮೆಲನೋಮಾ ಬಂದರೆ ಅದು ಕಾಲಿನಲ್ಲಿರುವ ಸಂಭವವೇ ಹೆಚ್ಚು. ಬೆನ್ನು, ಮುಖದ ಮಚ್ಚೆ ನೋಡಲು ಕಲಿಸುವ ಪಾಠಗಳು ನಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುವುದು ಇದರಿಂದಲೇ.

ದೇಹದ ತೂಕ ಬೀಳುವ ಹಿಮ್ಮಡಿ ಮತ್ತು ಪಾದದ ಮುಂಭಾಗದಲ್ಲಿ ಇದು ಹೆಚ್ಚು, ನೆಲಕ್ಕೆ ತಾಗದ ಕಮಾನಿನಲ್ಲಿ ಕಡಿಮೆ. ಕಾಲ್ಬೆರಳ ಸಂದುಗಳನ್ನೂ ಬಿಡಿಸಿ ನೋಡಬೇಕು. ಬಗ್ಗಲಾಗದವರು ಕನ್ನಡಿ ಬಳಸಬಹುದು, ಆದರೆ ಮನೆಯವರಿಂದ ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುವುದೇ ಮೇಲು. ಮುಂದೆ ಹೋಲಿಸಲು ಚಿತ್ರ ಉಳಿಯುತ್ತದೆ.

ಕಂದು ಮೈಬಣ್ಣದವರ ಅಂಗಾಲಿನಲ್ಲಿ ಚದುರಿದ ಕಂದು ಮಚ್ಚೆಗಳಿರುವುದು ಸಹಜ. ಎರಡೂ ಪಾದಗಳಲ್ಲಿ, ಮಸುಕಾಗಿ, ಒಂದನ್ನೊಂದು ಹೋಲುವಂತಿದ್ದರೆ ಗಾಬರಿಯಿಲ್ಲ. ಅವುಗಳ ನಡುವೆ ಒಂದು ಮಾತ್ರ ಬೇರೆಯಾಗಿದ್ದರೆ, ಬಣ್ಣ ಬೆರಕೆಯಾಗಿದ್ದರೆ, ಅಂಚು ಕಡಲತೀರದ ನಕ್ಷೆಯಂತೆ ವಕ್ರವಾಗಿದ್ದರೆ ಅಥವಾ ಏಳು ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ ತಜ್ಞರ ಕಣ್ಣಿಗೆ ಬೀಳಲಿ.

ತಜ್ಞರು ಅಲ್ಲಿ ಏನು ನೋಡುತ್ತಾರೆಂಬುದು ಕುತೂಹಲದ ವಿಷಯ. ಅಂಗಾಲಿನ ಚರ್ಮ ಉತ್ತ ಹೊಲದಂತಿದೆ: ಸಾಲು, ದಿಂಡು, ಸಾಲು, ದಿಂಡು. ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡಿದಾಗ ನಿರಪಾಯದ ಮಚ್ಚೆಯ ಬಣ್ಣ ಹೆಚ್ಚಾಗಿ ಸಾಲುಗಳಲ್ಲಿ, ಅಂದರೆ ತಗ್ಗುಗಳಲ್ಲಿ ನಿಲ್ಲುತ್ತದೆ. ಮೆಲನೋಮಾದ ಬಣ್ಣ ಆರಂಭದಲ್ಲೇ ದಿಂಡುಗಳ ಮೇಲೆ ಪಟ್ಟೆಯಾಗಿ ಹರಡುತ್ತದೆ. ದಿಂಡು ಯಾವುದು ಎಂದು ತಿಳಿಯಲು ಗುರುತು ಬೆವರಿನ ರಂಧ್ರಗಳು. ಅವು ದಿಂಡಿನ ನೆತ್ತಿಯ ಮೇಲೆ ಬಿಳಿ ಚುಕ್ಕೆಗಳ ಸಾಲಾಗಿ ಕಾಣುತ್ತವೆ. ಜಪಾನಿನ ಚರ್ಮತಜ್ಞ ತೊಶಿಯಾಕಿ ಸೈದಾ ಮತ್ತು ಸಂಗಡಿಗರು ಈ ವ್ಯತ್ಯಾಸವನ್ನು ಗಟ್ಟಿಮಾಡಿ ಕೊಟ್ಟವರು. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ನಿಮಗೂ ಕೆಲವೊಮ್ಮೆ ಈ ಪಟ್ಟೆಗಳು ಕಂಡಾವು. ದಿಂಡಿನ ಮೇಲೆ ಬಣ್ಣ ಕಂಡರೆ ಬೇಗ ತೋರಿಸಲು ಅದು ಕಾರಣವಾಗಲಿ. ಸಾಲಿನಲ್ಲಿ ಕಂಡಿತೆಂದು ಮನೆಯಲ್ಲೇ ಕುಳಿತುಬಿಡಲು ಕಾರಣವಾಗದಿರಲಿ. ಹಿಮ್ಮಡಿಯಂಥ ಕಡೆ ತೂಕಕ್ಕೆ ಮೇಲ್ಪದರ ಓರೆಯಾಗಿ ಗೆರೆಗಳು ಕಲೆಸಿಹೋಗುವುದರಿಂದ ಅನುಭವಿಗಳಿಗೂ ಅಲ್ಲಿ ತೊಡಕಿದೆ.

ಬಣ್ಣವೇ ಇಲ್ಲದ ಬಗೆಯೂ ಇದೆ, ಅದು ಇನ್ನೂ ಹೆಚ್ಚು ವಂಚಕ. ಗುಲಾಬಿ ಅಥವಾ ಕೆಂಪು ಮಾಂಸದ ಗಂಟಿನಂತೆ, ಆಣಿಯಂತೆ, ನರುಳ್ಳೆಯಂತೆ, ಉಗುರು ಒಳಹೊಕ್ಕ ಹುಣ್ಣಿನಂತೆ ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಲ್ಲಿ ಇದು ಸಕ್ಕರೆ ಹುಣ್ಣೆಂದೇ ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸಿಕೊಂಡಿರುತ್ತದೆ. ಪಾದದ ವೈದ್ಯರು ಇದಕ್ಕೆ ಐದು ಪ್ರಶ್ನೆಗಳ ಪದ್ಧತಿಯೊಂದನ್ನು ಇಟ್ಟುಕೊಂಡಿದ್ದಾರೆ: ಚರ್ಮದ್ದಲ್ಲದ ಬಣ್ಣವಿದೆಯೇ, ರೋಗ ಏನೆಂಬುದು ಅನಿಶ್ಚಿತವೇ, ರಕ್ತ ಅಥವಾ ನೀರು ಒಸರುತ್ತಿದೆಯೇ, ಔಷಧದ ನಡುವೆಯೂ ದೊಡ್ಡದಾಗುತ್ತಿದೆಯೇ, ಎರಡು ತಿಂಗಳಾದರೂ ಮಾಯಲಿಲ್ಲವೇ? ಐದರಲ್ಲಿ ಎರಡಕ್ಕೆ ಹೌದು ಎಂದರೆ ತಜ್ಞರ ಬಳಿ ಕಳಿಸಬೇಕು. ‘ಅನಿಶ್ಚಿತ’ ಎಂಬ ಎರಡನೆಯ ಪ್ರಶ್ನೆಗೆ ಹೌದು ಎಂದು ಒಪ್ಪಿಕೊಳ್ಳುವುದೇ ವೈದ್ಯರಿಗೆ ಎಲ್ಲಕ್ಕಿಂತ ಕಷ್ಟ ಎನ್ನುವುದು ನನ್ನ ಅನುಭವ.

ತಜ್ಞರು ನೋಡುವವರೆಗೆ ಆಣಿ ಕರಗಿಸುವ ಆಮ್ಲ ಹಚ್ಚಬೇಡಿ, ಬ್ಲೇಡಿನಿಂದ ಕೆತ್ತಬೇಡಿ, ಸುಡಿಸಬೇಡಿ, ಲೇಸರ್ ಮಾಡಿಸಬೇಡಿ. ಅದರಿಂದ ಕ್ಯಾನ್ಸರ್ ಹೆಚ್ಚುತ್ತದೆಂದಲ್ಲ. ಮೇಲಿನ ಗುರುತು ಅಳಿಸಿ ಕೆಳಗಿನದು ಬೆಳೆಯುತ್ತದೆ, ಆಮೇಲೆ ಪರೀಕ್ಷೆ ಮಾಡುವವರಿಗೆ ಅದರ ಆಳ ತಿಳಿಯುವುದಿಲ್ಲ.

ಆರನೆಯ ಹೆಜ್ಜೆ: ಬಯಾಪ್ಸಿ ಎಲ್ಲಿಂದ ತೆಗೆಯುತ್ತಾರೆ ಎಂದು ಕೇಳಿ

ಚರ್ಮರೋಗ ತಜ್ಞರ ಬಳಿ ಹೋಗುವಾಗ ಉಗುರುಬಣ್ಣ ತೆಗೆದು, ದಿನಾಂಕವಿರುವ ಚಿತ್ರಗಳನ್ನು ಜೊತೆಗೆ ಒಯ್ಯಿರಿ. ಗೆರೆ ಮೊದಲು ಕಂಡದ್ದು ಯಾವಾಗ, ಈವರೆಗೆ ಏನೇನು ಔಷಧ ಆಯಿತು, ಮನೆಯಲ್ಲಿ ಯಾರಿಗಾದರೂ ಮೆಲನೋಮಾ ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಡರ್ಮೋಸ್ಕೋಪಿನಲ್ಲಿ ಅನುಮಾನ ಉಳಿದರೆ ಬಯಾಪ್ಸಿ ಬೇಕಾಗುತ್ತದೆ.

ಇಲ್ಲೂ ಒಂದು ತಪ್ಪು ಆಗುತ್ತದೆ. ಗೆರೆ ಕಾಣುವುದು ಉಗುರಿನಲ್ಲಿ, ಆದರೆ ರೋಗ ಇರುವುದು ಬುಡದ ಚರ್ಮದ ಕೆಳಗೆ ಅಡಗಿದ ಬೇರಿನಲ್ಲಿ. ಕತ್ತರಿಸಿದ ಉಗುರಿನ ಚೂರು ಫಂಗಸ್ ಇದೆಯೇ, ಅಲ್ಲಿರುವುದು ರಕ್ತವೇ ಬಣ್ಣವೇ ಎಂದು ಹೇಳಬಲ್ಲದು. ಬೇರಿನ ಕೋಶಗಳು ಕೆಟ್ಟಿವೆಯೇ ಎಂದು ಹೇಳಲಾರದು. ಉಗುರಿನಡಿಯ ಮಾಂಸದಿಂದ, ಗೆರೆಯ ನಡುವಿನಿಂದ ತುಣುಕು ತೆಗೆದು ‘ಕ್ಯಾನ್ಸರ್ ಇಲ್ಲ’ ಎಂದು ವರದಿ ಬಂದರೆ ಆ ವರದಿಗೆ ಬೆಲೆ ಕಡಿಮೆ. ‘ಬೇರಿನಿಂದ, ಗೆರೆ ಹುಟ್ಟುವ ಜಾಗದಿಂದ ತೆಗೆಯುತ್ತೀರಾ?’ ಎಂದು ವಿನಯದಿಂದಲೇ ಕೇಳಿ. ಬೆರಳಿಗೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಬುಡದ ಚರ್ಮವನ್ನು ಸರಿಸಿ, ಉಗುರಿನ ಹಿಂಭಾಗವನ್ನು ಮೇಲೆತ್ತಿ, ಬೇರಿನ ಬಣ್ಣವಿರುವ ಭಾಗವನ್ನು ತೆಳುವಾಗಿ ಸವರಿ ತೆಗೆಯುವ ಕ್ರಮ ಈಗ ರೂಢಿಯಲ್ಲಿದೆ. ಅದರಿಂದ ಉಗುರಿಗೆ ಉಳಿಯುವ ವಿಕಾರ ಕಡಿಮೆ. ಅಂಗಾಲಿನ ಚಿಕ್ಕ ಮಚ್ಚೆಯಾದರೆ ಇಡಿಯಾಗಿ ತೆಗೆಯುವುದು ಒಳ್ಳೆಯದು. ದೊಡ್ಡದಾಗಿದ್ದರೆ ತೀರಾ ಕಪ್ಪಾದ ಅಥವಾ ಉಬ್ಬಿದ ಕಡೆಯಿಂದ ತುಣುಕು ತೆಗೆಯುತ್ತಾರೆ. ಆಗ ವರದಿ ಶುಭ್ರವಾಗಿ ಬಂದು ಅನುಮಾನ ಮಾತ್ರ ಹಾಗೇ ಇದ್ದರೆ ಮತ್ತೊಮ್ಮೆ ತೆಗೆಯಬೇಕು.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಮೆಲನೋಮಾದಲ್ಲಿ ಅದಕ್ಕೆ ಆಧಾರವಿಲ್ಲ.

ವರದಿ ಬಂದಾಗ ನೋಡಬೇಕಾದ ಅಂಕಿ ಒಂದೇ: ಬ್ರೆಸ್ಲೋ ದಪ್ಪ. ಗೆಡ್ಡೆ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದನ್ನು ಅಳೆಯುವ ಈ ಕ್ರಮವನ್ನು 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ತಂದ. ಮೇಲ್ಪದರದಲ್ಲೇ ನಿಂತಿದ್ದರೆ ಅಳತೆಗೆ ಆಳವೇ ಇರುವುದಿಲ್ಲ; ಸುತ್ತಲ ಸ್ವಲ್ಪ ಒಳ್ಳೆಯ ಚರ್ಮದೊಂದಿಗೆ ತೆಗೆದುಹಾಕಿದರೆ ಗುಣವಾಗುವ ಹಂತ ಅದು. ಆಳ ಒಂದು ಮಿಲಿಮೀಟರಿನ ಹತ್ತಿರ ಬಂದರೆ ಅಥವಾ ಮೇಲ್ಭಾಗ ಹುಣ್ಣಾಗಿದ್ದರೆ ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಹೋಗಿದೆಯೇ ಎಂಬ ಪರೀಕ್ಷೆಯ ಮಾತು ಬರುತ್ತದೆ. ಎರಡು ಮಿಲಿಮೀಟರ್ ಮೀರಿದರೆ ಸುತ್ತ ಎರಡು ಸೆಂಟಿಮೀಟರ್ ಚರ್ಮ ತೆಗೆಯಬೇಕಾಗುತ್ತದೆ, ಬೆರಳಾದರೆ ಅದರ ತುದಿಯನ್ನೇ ಕಳೆದುಕೊಳ್ಳಬೇಕಾದೀತು.

ನಮ್ಮ ಮಹಿಳೆಯ ವರದಿಯಲ್ಲಿ ಮೆಲನೋಮಾ ಇತ್ತು, ಆದರೆ ಮೇಲ್ಪದರ ದಾಟಿರಲಿಲ್ಲ. ಉಗುರು, ಅದರ ಬೇರು, ಸುತ್ತಲ ಚರ್ಮವನ್ನು ಒಂದೇ ತುಂಡಾಗಿ ತೆಗೆದು, ಬೇರೆ ಕಡೆಯ ಚರ್ಮವನ್ನು ತಂದು ಅಲ್ಲಿ ಕಸಿ ಮಾಡಿದರು. ಬೆರಳು ಉಳಿಯಿತು, ಉಗುರು ಮತ್ತೆ ಬರುವುದಿಲ್ಲ. ಮೊದಲ ಸಲ ತೋರಿಸಲು ಬಂದ ದಿನ ಅವರು ಚೀಲದಿಂದ ಫಂಗಸ್ ಮಾತ್ರೆಯ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು, ಒಂದೂ ತಪ್ಪಿಸಿಲ್ಲ ಎಂದು ತೋರಿಸಲು. ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ; ಕಸಿಯ ಅಂಚನ್ನು, ತೊಡೆಸಂದನ್ನು, ಉಳಿದ ಹತ್ತೊಂಬತ್ತು ಉಗುರುಗಳನ್ನು ಒಂದೊಂದಾಗಿ ನೋಡುತ್ತೇವೆ.